ಪದಚರ್ಚೆ: ತಂತಿಯ ‘ಐಗನ್ ಮೌಲ್ಯ’ದಲ್ಲಿ ಐಗನ್ ಯಾರದ್ದು?

ಕೊಪ್ಪಳದಿಂದ

ಎಲ್ಲರಿಗೂ ನಮಸ್ಕಾರ. ಇಲ್ಲಿಯ ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಮಿಡಿಯುವ ತಂತಿಯ ಪಾಠವನ್ನು ಕನ್ನಡದಲ್ಲೇ ಬರೆದುಕೊಡುತ್ತಿದ್ದೇನೆ. ಒಂದು ಪದದ ಹತ್ತಿರ ನಿಂತಿದ್ದೇನೆ.

ಎರಡೂ ತುದಿ ಬಿಗಿದ ತಂತಿ ಇದೆ. ಅದರ ಆಕಾರ u. ಎರಡು ಸಲ ಡಿಫರೆನ್ಷಿಯೇಟ್ ಮಾಡಿ ಮುಂದೆ ಮೈನಸ್ ಹಚ್ಚುವುದೇ ಇಲ್ಲಿನ ಆಪರೇಟರ್. ಅದರ ಕೈಗೆ ಒಂದು ಆಕಾರ ಕೊಟ್ಟರೆ ಅದೇ ಆಕಾರ ವಾಪಸ್ ಬರಬೇಕು. ಬರೀ ಒಂದು ಸಂಖ್ಯೆಯಿಂದ ಗುಣಿಸಿರಬೇಕು, ಅಷ್ಟೇ. −u″ = λu. ಈ λಗೆ ಏನನ್ನಬೇಕು?

‘ಲಾಕ್ಷಣಿಕ ಮೌಲ್ಯ’ ಅಂತ ಬರೆದರೆ ನಮ್ಮ ಮಕ್ಕಳಿಗೆ ಅಲಂಕಾರಶಾಸ್ತ್ರ ಬರೆದ ಲಾಕ್ಷಣಿಕರು ನೆನಪಾಗುತ್ತಾರೆ. ‘ಐಗನ್ ಮೌಲ್ಯ’ ಅಂದರೆ ಅರ್ಥವೇ ಹೊಳೆಯುವುದಿಲ್ಲ. 1904ರಲ್ಲಿ ಹಿಲ್ಬರ್ಟ್ ಈ ಮಾತು ಬಳಸಿದಾಗ ಜರ್ಮನ್ ಓದುಗರಿಗೆ ಅದು ‘ಸ್ವಂತದ್ದು, ತನ್ನದೇ ಆದದ್ದು’ ಎಂದೇ ಕೇಳಿಸಿರಬೇಕು. ಹಾಗಾದರೆ ‘ಸ್ವಮೌಲ್ಯ’ ಅನ್ನೋಣವೇ? ಅನ್ನಬಹುದು. ಆದರೆ ಯಾರ ಸ್ವಂತ? ತಂತಿಯದೋ, ಆ ಆಕಾರದ್ದೋ, ಆಪರೇಟರ್‌ದೋ?

ರಾಯಚೂರಿನಿಂದ

ಮೇಡಂ, ಹೊಸ ಪದ ಯಾಕೆ ಬೇಕು? ಭೌತಶಾಸ್ತ್ರದಲ್ಲಿ ‘ಸಹಜ ಆವೃತ್ತಿ’ ಅನ್ನುತ್ತೇವಲ್ಲ, ಇದು ಅದೇ. ತಂತಿಯನ್ನು ಮಿಡಿದು ಸುಮ್ನೆ ಬಿಟ್ಟರೆ ಅದು ತನಗೆ ಒಗ್ಗಿದ ಕೆಲವೇ ಆವೃತ್ತಿಗಳಲ್ಲಿ ಮಾತ್ರ ಅಲುಗುತ್ತದೆ. λ ಅಂದರೆ ಆ ಆವೃತ್ತಿ. ನಾನು ಲ್ಯಾಬ್‌ನಲ್ಲಿ ಸೋನೋಮೀಟರ್ ಹಚ್ಚಿ ತೋರಿಸುವುದು ಇದನ್ನೇ. ಮಕ್ಕಳಿಗೂ ತಕ್ಷಣ ಹತ್ತುತ್ತದೆ.

ಸಿಂಧನೂರಿನಿಂದ

ತಂತಿಯ ಸ್ವಂತ ಸ್ವರ ಯಾವುದು ಅಂತ ಮೇಡಂ ಕೇಳಿದ್ದಾರೆ. ನಾನು ಭಜನೆಯಲ್ಲಿ ಏಕತಾರಿ ಹಿಡಿದು ತತ್ವಪದ ಹಾಡುವವನು. ಗಣಿತ ನನಗೆ ದೂರ. ಆದರೆ ಒಂದು ಮಾತು ಹೇಳಬಲ್ಲೆ, ತಂತಿಯಲ್ಲಿ ಇರುವುದು ಒಂದೇ ಸ್ವರ ಅಲ್ಲ. ಸರಿಯಾಗಿ ನಡುವೆ ಬೆರಳಿನ ತುದಿ ಸೋಕಿಸಿ ಮಿಡಿದು, ತಕ್ಷಣ ಬೆರಳು ತೆಗೆಯಿರಿ. ಮೇಲಿನ ಷಡ್ಜ ಬರುತ್ತದೆ. ಮೂರನೇ ಒಂದು ಪಾಲಿನಲ್ಲಿ ಸೋಕಿಸಿದರೆ ಅದರ ಮೇಲಿನ ಪಂಚಮ. ಬೆರಳು ಸ್ವಲ್ಪ ಆಚೀಚೆ ಆಯಿತೋ, ದನಿ ಮೊಂಡಾಗುತ್ತದೆ. ಕೆಲವು ಕಡೆ ಮಾತ್ರ ಯಾಕೆ ಹಾಡುತ್ತದೆ? ತಿಳಿದವರು ಹೇಳಿ.

ಬಳ್ಳಾರಿಯಿಂದ

ಮೇಡಂ ಕೇಳಿದ ‘ಯಾರ ಸ್ವಂತ’ ಅನ್ನುವುದನ್ನು ಮೊದಲು ಬಿಡಿಸಬೇಕು. ಸಿಂಧನೂರಿನ ಅಣ್ಣನವರ ಏಕತಾರಿಯನ್ನೇ ಇಟ್ಟುಕೊಳ್ಳೋಣ. ತಂತಿ 60 ಸೆಂ.ಮೀ., ಶ್ರುತಿ 150 ಹರ್ಟ್ಸ್ ಅನ್ನಿ.

ತುದಿಗಳ ಮಾತು ಬಿಟ್ಟರೆ −u″ = λu ಯಾವ λಗೂ ಒಪ್ಪುತ್ತದೆ. ಆರಿಸುವುದು ತುದಿಗಳು. ಎಡತುದಿ ಅಲುಗಬಾರದು. ಕೊಸೈನ್ ಅಲ್ಲಿ ಸೊನ್ನೆಯಾಗುವುದಿಲ್ಲ, ಆದ್ದರಿಂದ ಅದು ಹೊರಗೆ. ಉಳಿದದ್ದು ಸೈನ್. ಈಗ λಗೆ 50 ಕೊಟ್ಟು ನೋಡಿ. ವರ್ಗಮೂಲ 7.07. ಉದ್ದ 0.6 ಮೀಟರ್‌ನಿಂದ ಗುಣಿಸಿದರೆ 4.24 ರೇಡಿಯನ್. ಅದರ ಸೈನ್ ಸುಮಾರು −0.89. ಅಂದರೆ ಬಲತುದಿಯಲ್ಲಿ ತಂತಿ ಕುದುರೆಯ ಮೇಲೆ ಕೂತೇ ಇಲ್ಲ, ಅದರಿಂದ ಕೆಳಗೆ ಇಳಿದಿದೆ. 50 ಆಗಲಿಲ್ಲ. 27.42 ಕೊಡಿ. ವರ್ಗಮೂಲ 5.236, ಉದ್ದದಿಂದ ಗುಣಿಸಿದರೆ 3.1416. ಸೈನ್ ಸೊನ್ನೆ, ತುದಿ ಕೂತಿತು. ಮುಂದೆ ಕೂರುವುದು 109.7ಕ್ಕೆ, ಆಮೇಲೆ 246.7ಕ್ಕೆ. ನಡುವೆ ಯಾವುದೂ ಇಲ್ಲ. ಸೊನ್ನೆ ಅಥವಾ ಋಣ ಸಂಖ್ಯೆ ಕೊಟ್ಟರೆ, ಎಡತುದಿ ಬಿಟ್ಟು ಹೊರಟ ಆಕಾರ ಮತ್ತೆ ಸೊನ್ನೆಗೆ ಬರುವುದೇ ಇಲ್ಲ.

ರಾಯಚೂರಿನ ಸರ್, ಈಗ ನಿಮ್ಮ ಮಾತಿಗೆ ಬರುತ್ತೇನೆ. ಈ λಗಳು 1, 4, 9ರ ಲೆಕ್ಕದಲ್ಲಿ ಏರುತ್ತವೆ. ಕಿವಿಗೆ ಬೀಳುವ ಆವೃತ್ತಿಗಳು 150, 300, 450. ಅವು 1, 2, 3ರ ಲೆಕ್ಕ. ಆವೃತ್ತಿ ಬರುವುದು λದ ವರ್ಗಮೂಲದಿಂದ. ಅದನ್ನು ತಂತಿಯ ಮೇಲೆ ಅಲೆ ಓಡುವ ವೇಗದಿಂದ ಗುಣಿಸಿ 2πದಿಂದ ಭಾಗಿಸಬೇಕು. ಇಲ್ಲಿ ಆ ವೇಗ ಸೆಕೆಂಡಿಗೆ 180 ಮೀಟರ್.

ಇನ್ನೊಂದು ಪರೀಕ್ಷೆ ಮಾಡಿ. ಬಿರಡೆ ತಿರುಗಿಸಿ ಶ್ರುತಿಯನ್ನು 150ರಿಂದ 200ಕ್ಕೆ ಏರಿಸಿ. ಅದಕ್ಕೆ ಬಿಗಿತ ಹೆಚ್ಚುಕಡಿಮೆ 1.78 ಪಟ್ಟು ಆಗಬೇಕು. ಆವೃತ್ತಿಗಳೆಲ್ಲ ಬದಲಾದವು. λ ಮಾತ್ರ ಅದೇ 27.42! ಉದ್ದ ಬದಲಾಗಿಲ್ಲ, ತುದಿಗಳೂ ಬದಲಾಗಿಲ್ಲ, ಅಲ್ವಾ? ಆದ್ದರಿಂದ ಮೇಡಂ, ಇದು ಆಪರೇಟರ್‌ನ ಸ್ವಂತ. ಆ ಆಪರೇಟರ್ ಅಂದಾಗ ಎರಡು ಸಲ ಡಿಫರೆನ್ಷಿಯೇಟ್ ಮಾಡುವುದಷ್ಟೇ ಅಲ್ಲ, ‘ಇಷ್ಟು ಉದ್ದ, ಎರಡೂ ತುದಿ ಬಿಗಿ’ ಎನ್ನುವುದೂ ಅದರೊಳಗೇ ಸೇರಿದೆ.

ಏಕತಾರಿಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಎರಡನೇ ಸೈನ್ ನಡುವೆ ಸೊನ್ನೆಯಾಗುತ್ತದೆ. ಅಲ್ಲಿ ಬೆರಳಿಟ್ಟರೆ ಅದಕ್ಕೆ ಅಡ್ಡಿಯಿಲ್ಲ. ನಾಲ್ಕು, ಆರನೆಯವಕ್ಕೂ ಇಲ್ಲ. ಒಂದು, ಮೂರು, ಐದನೆಯವು ನಡುವೆಯೇ ಜಾಸ್ತಿ ಅಲುಗುವಂಥವು, ಬೆರಳು ಅವನ್ನು ಅಡಗಿಸುತ್ತದೆ. ಉಳಿಯುವುದು 300 ಮತ್ತು ಅದರ ಪಟ್ಟುಗಳು. ಮೂರನೇ ಒಂದು ಪಾಲಿನಲ್ಲಿ ಇಟ್ಟರೆ 450 ಉಳಿಯುತ್ತದೆ, ಅದೇ ನಿಮ್ಮ ಪಂಚಮ. ಬೆರಳು ತುದಿಯಿಂದ 25 ಸೆಂ.ಮೀ.ಗೆ ಹೋಯಿತು ಅನ್ನಿ. ಅದು ಹನ್ನೆರಡರಲ್ಲಿ ಐದು ಪಾಲು. ಅಲ್ಲಿ ಸೊನ್ನೆಯಾಗುವ ಮೊದಲ ಸೈನ್ ಹನ್ನೆರಡನೆಯದು. ಕೆಳಗಿನ ಹನ್ನೊಂದಕ್ಕೂ ಬೆರಳು ಅಡ್ಡ ಬಂತು. ದನಿ ಮೊಂಡಾಗದೆ ಇನ್ನೇನು?

ರಾಯಚೂರಿನಿಂದ

ವರ್ಗಮೂಲದ ಮಾತು ಸರಿ, ಸರ್. ಆದರೆ ನಾವು ವೇಗದ ವರ್ಗವನ್ನೂ ಆಪರೇಟರ್ ಒಳಗೇ ಸೇರಿಸಿ ಬರೆಯುತ್ತೇವೆ, −c²u″ = λu ಅಂತ. ಆಗ ಬಿರಡೆ ತಿರುಗಿಸಿದರೆ λ ಬದಲಾಗುತ್ತದೆ. ಅದು ನೇರವಾಗಿ ಕೋನೀಯ ಆವೃತ್ತಿಯ ವರ್ಗ. ತಂತಿಯ ದಪ್ಪ ಎಲ್ಲ ಕಡೆ ಒಂದೇ ಇಲ್ಲದಿದ್ದರೆ ಹೀಗೆ ಬರೆಯದೆ ಗತಿಯಿಲ್ಲ. ಆಗ ‘ತಂತಿಯ ಸ್ವಂತ’ ಅಂದರೆ ತಪ್ಪೇನು?

ಬಳ್ಳಾರಿಯಿಂದ

ಹಾಗೆ ಬರೆದರೆ ನೀವು ಹೇಳಿದ್ದೇ ಸರಿ. ದಪ್ಪ ಬದಲಾಗುವ ತಂತಿಯಲ್ಲಿ ಆಕಾರಗಳೂ ಸೈನ್ ಆಗಿ ಉಳಿಯುವುದಿಲ್ಲ. ಆದರೂ ಅವು ಆ ಆಪರೇಟರ್‌ನ ಸ್ವಂತ ಆಕಾರಗಳೇ. ಅದಕ್ಕೇ ಪದದೊಳಗೆ ಆವೃತ್ತಿಯೂ ಬೇಡ, ಸೈನೂ ಬೇಡ ಅನ್ನುತ್ತೇನೆ. ಈ ಪದ ಮುಂದೆ ಅಲುಗಾಟವೇ ಇಲ್ಲದ ಕಡೆಯೂ ಬರುತ್ತದೆ. ಬಿಸಿ ಸರಳು ಆರುವ ಲೆಕ್ಕದಲ್ಲೂ, ಎರಡೂ ತುದಿ ತಣ್ಣಗೆ ಸೊನ್ನೆಯಲ್ಲಿ ಹಿಡಿದರೆ, ಇದೇ ಸೈನ್, ಇದೇ λ. ಅಲ್ಲಿ ‘ಸಹಜ ಆವೃತ್ತಿ’ ಅಂತ ಬರೆದರೆ ಮಕ್ಕಳು ಏನು ಹುಡುಕಬೇಕು?

ಸಿಂಧನೂರಿನಿಂದ

ತಂಬೂರಿಯ ತಂತಿಯಡಿ ನೂಲು ಸಿಕ್ಕಿಸಿ ಜೀವಾಳಿ ಕೊಟ್ಟಾಗ ಈ ಲೆಕ್ಕ ನಡೆಯುತ್ತದೆಯೇ? ಅದರಲ್ಲಿ ಎಲ್ಲಾ ಸ್ವರಗಳೂ ಒಟ್ಟಿಗೆ ತುಂಬಿ ಬರುತ್ತವೆ.

ಬಳ್ಳಾರಿಯಿಂದ

ಪೂರ್ತಿ ನಡೆಯುವುದಿಲ್ಲ, ಅಣ್ಣ. ಜೀವಾಳಿ ಇದ್ದಾಗ ತಂತಿ ಅಗಲವಾದ ಕುದುರೆಗೆ ತಾಗುತ್ತಾ ಬಿಡುತ್ತಾ ಇರುತ್ತದೆ. ತುದಿ ಒಂದೇ ಕಡೆ ನಿಲ್ಲುವುದಿಲ್ಲ. ನಮ್ಮ ಲೆಕ್ಕ ನಿಂತಿದ್ದೇ ತುದಿಯ ಮೇಲೆ. ಒಂದು ಸೈನ್ ಸೊನ್ನೆಯಾಗುವ ಜಾಗದಲ್ಲೇ ಮಿಡಿದರೆ ಆ ಸ್ವರ ಹುಟ್ಟಬಾರದು. ತಂಬೂರಿಯಲ್ಲಿ ಅದೂ ಕೇಳುತ್ತದೆ. ಸಿ.ವಿ. ರಾಮನ್ 1921ರಲ್ಲಿ ವೀಣೆ, ತಂಬೂರಿಗಳ ಬಗ್ಗೆ ಬರೆದಾಗ ಎತ್ತಿ ತೋರಿಸಿದ್ದು ಇದನ್ನೇ.

ಕೊಪ್ಪಳದಿಂದ

ಎಲ್ಲರಿಗೂ ಧನ್ಯವಾದ. ಪಾಠದಲ್ಲಿ λಗೆ ‘ಸ್ವಬೆಲೆ’ ಅಂತ ಹಾಕುತ್ತೇನೆ. ‘xನ ಬೆಲೆ ಕಂಡುಹಿಡಿಯಿರಿ’ ಅಂತ ಶಾಲೆಯಿಂದ ಓದಿಕೊಂಡು ಬಂದವರಿಗೆ ಮೌಲ್ಯಕ್ಕಿಂತ ಬೆಲೆಯೇ ಹತ್ತಿರ. ಮೊದಲ ಸಲ ಬಂದಾಗ ‘ಈ ಆಪರೇಟರ್‌ನ ಸ್ವಬೆಲೆ’ ಅಂತ ಪೂರ್ತಿ ಬರೆಯುತ್ತೇನೆ, ಬಿರಡೆಯ ಲೆಕ್ಕವನ್ನೂ ಸೇರಿಸುತ್ತೇನೆ. ಸೈನ್‌ಗಳಿಗೆ ‘ಸ್ವರೂಪ’ ಅನ್ನುವ ಆಸೆಯಿತ್ತು, ಸ್ವಂತ ರೂಪ ಅನ್ನುವ ಅರ್ಥದಲ್ಲಿ. ಆದರೆ ಆ ಪದಕ್ಕೆ ಈಗಾಗಲೇ ಬೇರೆ ಬಳಕೆ ಗಟ್ಟಿಯಾಗಿದೆ. ‘ಸ್ವಫಲನ’, ‘ಸ್ವಆಕಾರ’, ಎರಡೂ ನಾಲಿಗೆಗೆ ಒಗ್ಗುತ್ತಿಲ್ಲ. ಬೇರೆ ಯಾವುದಾದರೂ ಹೊಳೆದರೆ ತಿಳಿಸಿ.