ಹಿಮೋಗ್ಲೋಬಿನ್ 12.6 ಇದೆ, ಆದರೂ ಕಾಲು ಏಳುತ್ತಿಲ್ಲ

ಪ್ರಶ್ನೆ: ಡಾಕ್ಟ್ರೇ, ನನಗೆ 29 ವರ್ಷ. ವಾರಕ್ಕೆ 55 ಕಿಲೋಮೀಟರ್ ಓಡುತ್ತೇನೆ. ಮೂರು ತಿಂಗಳಿಂದ ಆರಾಮಾಗಿ ಓಡುವ ವೇಗದಲ್ಲೂ ಏದುಸಿರು ಬರುತ್ತಿದೆ. ಸಣ್ಣ ಏರು ಬಂದರೂ ಕಾಲು ಭಾರ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 12.6, ಫೆರಿಟಿನ್ 38. ಎರಡೂ ನಾರ್ಮಲ್ ಅಂದರು. ಹಾಗಾದ್ರೆ ಇದೆಲ್ಲ ನನ್ನ ಭ್ರಮೆಯಾ?

ಓಟದ ಕೋಚ್: ಟ್ರೈನಿಂಗ್ ಜಾಸ್ತಿ ಆಗಿದೆ ಅಷ್ಟೇ. ಹತ್ತು ದಿನ ರೆಸ್ಟ್ ತಗೊಳ್ಳಿ. ಜೊತೆಗೆ ಒಂದು ಐರನ್ ಮಾತ್ರೆ ಶುರು ಮಾಡಿ, ಅದರಿಂದ ನಷ್ಟವೇನಿಲ್ಲ.

ಡಾಕ್ಟರ್: ರೆಸ್ಟ್ ಸರಿ. ಮಾತ್ರೆ ಈಗಲೇ ಬೇಡ. ಮೊದಲು ಒಂದು ವಿಷಯ ಹೇಳಿ: ರಕ್ತ ಕೊಟ್ಟದ್ದು ಯಾವಾಗ? ಹಿಂದಿನ ದಿನ ಓಡಿದ್ರಾ? ನೆಗಡಿ, ಜ್ವರ ಏನಾದರೂ ಇತ್ತಾ?

ಕೇಳಿದವರು: ಭಾನುವಾರ 24 ಕಿಲೋಮೀಟರ್ ಓಡಿ ಸೋಮವಾರ ಬೆಳಿಗ್ಗೆ ಕೊಟ್ಟೆ. ಗಂಟಲು ನೋವೂ ಇತ್ತು, ಆದರೆ ಅದಕ್ಕೂ ಇದಕ್ಕೂ ಏನು ಸಂಬಂಧ?

ಡಾಕ್ಟರ್: ಸಂಬಂಧ ಇದೆ. ಫೆರಿಟಿನ್ ಅಂದರೆ ದೇಹ ಕೂಡಿಟ್ಟ ಕಬ್ಬಿಣದ ಅಳತೆ. ಆದರೆ ಸೋಂಕು ಬಂದಾಗ, ಭಾರಿ ಓಟದಿಂದ ಸ್ನಾಯುಗಳು ನೊಂದಾಗಲೂ ಅದು ಏರುತ್ತದೆ. ಕಬ್ಬಿಣ ಹೆಚ್ಚಾಗಿರುವುದಿಲ್ಲ, ಸಂಖ್ಯೆ ಮಾತ್ರ ಹೆಚ್ಚಾಗಿರುತ್ತದೆ. ಹಾಗಾಗಿ ಆ 38 ಅನ್ನು ನಾನು ನಂಬುವುದಿಲ್ಲ.

ಹಿಮೋಗ್ಲೋಬಿನ್ ಕಥೆ ಬೇರೆ. ದೂರ ಓಡುವವರ ರಕ್ತದಲ್ಲಿ ನೀರಿನಂಶ ಹೆಚ್ಚುತ್ತದೆ, ಆಗ ಹಿಮೋಗ್ಲೋಬಿನ್ ತುಸು ಕಡಿಮೆ ಕಾಣುತ್ತದೆ. ಅದು ರೋಗವಲ್ಲ. ಇನ್ನೊಂದು ಕಡೆ, ಕೂಡಿಟ್ಟ ಕಬ್ಬಿಣ ಪೂರ್ತಿ ತಳ ಕಂಡ ಮೇಲೇ ಹಿಮೋಗ್ಲೋಬಿನ್ ಇಳಿಯುವುದು. ಅಂದರೆ ಅದು ಹೆಂಗಸರ ಕನಿಷ್ಠ ಮಿತಿಯಾದ 12ರ ಮೇಲಿದ್ದರೂ ಡಬ್ಬಿ ಖಾಲಿಯಾಗಿರಬಹುದು.

ಗಂಟಲು ನೋವು ಪೂರ್ತಿ ಹೋಗಲಿ. ಅದಾದ ಮೇಲೆ ಎರಡು ದಿನ ಓಡದೆ, ಬೆಳಿಗ್ಗೆ, ನೀರು ಕುಡಿದು ರಕ್ತ ಕೊಡಿ. ಫೆರಿಟಿನ್ ಜೊತೆಗೆ ಸಿಆರ್‌ಪಿ ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್, ಅಂದರೆ ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನ್ ಎಷ್ಟು ತುಂಬಿದೆ ಅನ್ನುವ ಲೆಕ್ಕ ಕೂಡ ಬರೆಸಿ. ಸಿಆರ್‌ಪಿ ಏರಿದ್ದರೆ ದೇಹದಲ್ಲಿ ಉರಿಯೂತ ಇದೆ, ಫೆರಿಟಿನ್ ಮತ್ತೆ ಸುಳ್ಳು ಹೇಳುತ್ತಿದೆ ಅಂತ ಗೊತ್ತಾಗುತ್ತದೆ.

ಒಬ್ಬ ಸದಸ್ಯ: ನನ್ನ ಫೆರಿಟಿನ್ 410 ಇದೆ! ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಡಾಕ್ಟ್ರೇ? ಇನ್ನೂ ಚೆನ್ನಾಗಿ ಓಡಬಹುದಾ?

ಡಾಕ್ಟರ್: ಇಲ್ಲ ಸಾರ್. ನಿಮ್ಮದು ಬೇರೆಯೇ ಪ್ರಶ್ನೆ. ಲಿವರ್‌ನಲ್ಲಿ ಕೊಬ್ಬು, ಉರಿಯೂತ, ವಂಶದಿಂದ ಬರುವ ಕಬ್ಬಿಣದ ಶೇಖರಣೆ, ಏನು ಬೇಕಾದರೂ ಇರಬಹುದು. ನಿಮ್ಮ ವೈದ್ಯರಿಗೆ ರಿಪೋರ್ಟ್ ತೋರಿಸಿ. ಕೋಚ್ ಸಾರ್, ‘ನಷ್ಟವೇನಿಲ್ಲ’ ಅನ್ನುವ ಮಾತಿಗೆ ಇವರೇ ಉತ್ತರ.

*(ಮೂರು ವಾರದ ನಂತರ)*

ಕೇಳಿದವರು: ನೀವು ಹೇಳಿದಂತೆ ಕೊಟ್ಟೆ. ಫೆರಿಟಿನ್ 13. ಸ್ಯಾಚುರೇಷನ್ ಶೇಕಡಾ 12. ಹಿಮೋಗ್ಲೋಬಿನ್ 12.4, ಸಿಆರ್‌ಪಿ ನಾರ್ಮಲ್. ಒಂದೇ ತಿಂಗಳಲ್ಲಿ 38 ಇದ್ದದ್ದು 13 ಆಯ್ತಾ?

ಡಾಕ್ಟರ್: ಇಳಿದದ್ದಲ್ಲ, ಮೊದಲೂ ಹೆಚ್ಚುಕಡಿಮೆ ಇಷ್ಟೇ ಇದ್ದಿರಬೇಕು. 15ರ ಕೆಳಗೆ ಅಂದರೆ ಕೊರತೆಯೇ. ಓಟಗಾರ್ತಿಯರಿಗೆ 30 ಅಥವಾ 35ರ ಕೆಳಗೆ ಬಂದರೇ ನಾವು ಗಮನಿಸುತ್ತೇವೆ. ಅದರ ಮೇಲಿದ್ದವರಿಗೆ ಮಾತ್ರೆಯಿಂದ ಓಟ ಸುಧಾರಿಸುತ್ತದಾ ಅನ್ನುವುದರಲ್ಲಿ ನಮ್ಮಲ್ಲೇ ಒಮ್ಮತವಿಲ್ಲ. ನಿಮ್ಮ ವಿಷಯದಲ್ಲಿ ಆ ಗೊಂದಲ ಇಲ್ಲ, ಮಾತ್ರೆ ಬೇಕು.

ಇನ್ನೊಬ್ಬ ಓಟಗಾರ್ತಿ: ನಾನು ದಿನಕ್ಕೆ ಮೂರು ನುಂಗಿ ಹೊಟ್ಟೆ ಕೆಡಿಸಿಕೊಂಡು ಹದಿನೈದು ದಿನಕ್ಕೇ ಬಿಟ್ಟೆ. ಆಮೇಲೆ ದಿನ ಬಿಟ್ಟು ದಿನ ಒಂದೊಂದು ತಗೊಂಡೆ, ಆಗ ಹೊಟ್ಟೆ ತಡೆಯಿತು.

ಡಾಕ್ಟರ್: ಅದಕ್ಕೆ ಕಾರಣವೂ ಇದೆ. ಒಂದು ಡೋಸ್ ಬಿದ್ದ ಮೇಲೆ ಲಿವರ್ ಹೆಪ್ಸಿಡಿನ್ ಅನ್ನುವ ಹಾರ್ಮೋನ್ ಹೆಚ್ಚಿಸಿ ಕರುಳಿನ ಬಾಗಿಲು ಎಳೆದುಕೊಳ್ಳುತ್ತದೆ. ಮರುದಿನದ ಮಾತ್ರೆಯಲ್ಲಿ ಕಡಿಮೆ ಒಳಗೆ ಹೋಗುತ್ತದೆ, ಉಳಿದದ್ದು ಹೊಟ್ಟೆ ಕೆಡಿಸುತ್ತದೆ. ಕಠಿಣ ಓಟದ ನಂತರವೂ ಮೂರರಿಂದ ಆರು ಗಂಟೆಯ ಹೊತ್ತಿಗೆ ಇದೇ ಹಾರ್ಮೋನ್ ಏರುತ್ತದೆ. ಅದಕ್ಕೇ ಬೆಳಿಗ್ಗೆ ಓಡುವವರು ಓಟಕ್ಕೆ ಮೊದಲೇ, ಇಲ್ಲವೇ ಮುಗಿದ ಅರ್ಧ ಗಂಟೆಯೊಳಗೆ ತಗೊಂಡರೆ ಒಳ್ಳೆಯದು. ಸಂಜೆಗೆ ಮುಂದೂಡಬೇಡಿ. ಕಾಫಿ, ಟೀ, ಕ್ಯಾಲ್ಸಿಯಂ ಮಾತ್ರೆ ಅದರ ಜೊತೆ ಬೇಡ. ಡೋಸ್ ಎಷ್ಟು ಅನ್ನುವುದನ್ನು ನಿಮ್ಮನ್ನು ನೋಡುವ ವೈದ್ಯರೇ ಬರೆಯಲಿ. ಎಂಟು ವಾರಕ್ಕೆ ಮತ್ತೆ ಪರೀಕ್ಷೆ, ಮತ್ತೆ ಓಡದ ದಿನವೇ.

ಇನ್ನೊಂದು, ಕಬ್ಬಿಣ ಎಲ್ಲಿಂದ ಸೋರುತ್ತಿದೆ ಅಂತ ನೋಡಬೇಕು. ಊಟ ಕಡಿಮೆ ಮಾಡಿದ್ದೀರಾ? ನೋವಿನ ಮಾತ್ರೆ ಆಗಾಗ ನುಂಗುತ್ತೀರಾ? ಮುಟ್ಟು ಹೇಗೆ?

ಕೇಳಿದವರು: ಊಟ ಸರಿಯಾಗಿದೆ, ನೋವಿನ ಮಾತ್ರೆ ಇಲ್ಲ. ಮುಟ್ಟು ಎಂಟು ದಿನ ಇರುತ್ತದೆ. ಮೊದಲ ಎರಡು ದಿನ ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕು. ನಮ್ಮಮ್ಮನಿಗೂ ಹೀಗೇ ಇತ್ತು, ಎಲ್ಲರಿಗೂ ಹಾಗೇ ಅಂದುಕೊಂಡಿದ್ದೆ.

ಡಾಕ್ಟರ್: ಎಲ್ಲರಿಗೂ ಹಾಗಲ್ಲ ಅಮ್ಮ, ಇದು ಜಾಸ್ತಿ. ಮಾತ್ರೆ ಶುರುವಾಗಲಿ, ಆದರೆ ಈ ವಾರವೇ ಸ್ತ್ರೀರೋಗ ತಜ್ಞರನ್ನು ನೋಡಿ. ಎಂಟು ದಿನ, ಗಂಟೆಗೊಮ್ಮೆ ಅನ್ನುವುದನ್ನು ಹೀಗೇ ಅವರಿಗೂ ಹೇಳಿ.