ಚಾಟ್‌ಬಾಟ್ ಕೊಟ್ಟ ಲೇಖನಗಳು ಎಲ್ಲೂ ಸಿಗ್ತಿಲ್ಲ, ನಿಮ್ಮ ಅನುಭವ ಹೇಳಿ

ಕಲಬುರಗಿ, ಎಂ.ಎ. ವಿದ್ಯಾರ್ಥಿನಿ: ಬಿದರಿ ಕಲೆ ಮೇಲೆ ಪ್ರಬಂಧ ಬರೀತಿದ್ದೀನಿ. ಚಾಟ್‌ಬಾಟ್ 9 ಲೇಖನಗಳ ಪಟ್ಟಿ ಕೊಟ್ಟಿತು, 6 ಎಲ್ಲೂ ಇಲ್ಲ. ಯಾಕೆ ಹೀಗೆ? ನೀವೆಲ್ಲ ಹೇಗೆ ಪರೀಕ್ಷಿಸ್ತೀರಿ?

ಯಾದಗಿರಿ, ಪದವಿ ವಿದ್ಯಾರ್ಥಿ: ಸುಲಭ ಅಕ್ಕಾ. ಲಿಂಕ್ ತೆರೆದರೆ ನಿಜ, ತೆರೆಯದಿದ್ದರೆ ಸುಳ್ಳು. ಈಗ ವೆಬ್‌ನಲ್ಲಿ ಹುಡುಕಿ ಉತ್ತರ ಕೊಡುವ ಚಾಟ್‌ಬಾಟ್‌ಗಳಿವೆ, ಅದನ್ನೇ ಬಳಸಿ.

ಬೀದರ್, ಕಾಲೇಜು ಗ್ರಂಥಪಾಲಕಿ: ತಮ್ಮಾ, ಅರ್ಧ ಸರಿ. ಹುಡುಕುವ ಚಾಟ್‌ಬಾಟ್ ಹೆಚ್ಚಾಗಿ ನಿಜವಾದ ಪುಟವನ್ನೇ ಕೊಡುತ್ತದೆ. ಆದರೆ ಅದು ಹೇಳಿದ ಮಾತು ಆ ಪುಟದಲ್ಲಿ ಇರಬೇಕೆಂದೇನಿಲ್ಲ. ತೆರೆದು ಓದಲೇಬೇಕು.

ಹುಡುಕದೆ ಉತ್ತರಿಸುವಾಗ ಅದರ ಮುಂದೆ ಯಾವ ಪಟ್ಟಿಯೂ ಇರುವುದಿಲ್ಲ. ಮುಂದೆ ಯಾವ ಪದ ಬಂದರೆ ಹೊಂದುತ್ತದೆ ಎಂದು ಲೆಕ್ಕ ಹಾಕಿ ಬರೆಯುತ್ತದೆ. ಲೇಖಕರು, ವರ್ಷ, ಪತ್ರಿಕೆ, ಸಂಪುಟ, ಪುಟ: ಈ ಅಚ್ಚು ಅದಕ್ಕೆ ಬಾಯಿಪಾಠ. ಖಾಲಿ ಜಾಗಕ್ಕೆ ಹೊಂದುವುದನ್ನು ತುಂಬುತ್ತದೆ. ಲಿಂಕ್ ಕೂಡ ಹಾಗೇ ಹುಟ್ಟುತ್ತದೆ.

ಕಳೆದ ತಿಂಗಳು ಒಬ್ಬ ಹುಡುಗ ಇಂಥದೇ ಪಟ್ಟಿ ತಂದ. ಒಂದು ಲೇಖನದ ಲೇಖಕರು ನಿಜ, ಪತ್ರಿಕೆಯೂ ನಿಜ. ಲೇಖನದ ಗುರುತಿನ ಸಂಖ್ಯೆಯಾದ ಡಿಒಐಯನ್ನು `doi.org`ನಲ್ಲಿ ಹಾಕಿದೆವು, ತೆರೆಯಿತು! ಆದರೆ ಬಂದದ್ದು ಮಣ್ಣಿನ ಪರೀಕ್ಷೆಯ ಬೇರೆಯೇ ಲೇಖನ. ಆಮೇಲೆ ಪತ್ರಿಕೆಯ ತಾಣದಲ್ಲಿ ಆ ಸಂಪುಟದ ಪರಿವಿಡಿ ತೆಗೆದೆವು. ಚಾಟ್‌ಬಾಟ್ ಹೇಳಿದ ಪುಟಗಳಲ್ಲಿ ಇನ್ಯಾರದೋ ಬರಹ ಇತ್ತು. ಅಲ್ಲಿಗೆ ಲೇಖನವೇ ಇಲ್ಲ ಅಂತ ಖಾತ್ರಿಯಾಯಿತು. ಹಾಗಾಗಿ ಡಿಒಐ ತೆರೆದರೂ ಶೀರ್ಷಿಕೆ ಹೋಲಿಸಿ ನೋಡಿ. ಪಿಎಚ್‌ಡಿ ಪ್ರಬಂಧ ಅಂದಿದ್ದರೆ ಭಾರತದ ಪ್ರಬಂಧಗಳನ್ನಿಡುವ ತಾಣ ಶೋಧಗಂಗಾದಲ್ಲಿ ಹುಡುಕಿ.

ಕಲಬುರಗಿ, ಗುಮಾಸ್ತ: ನನಗೂ ಹೀಗೇ ಆಗಿತ್ತು. ಕಚೇರಿಯ ಸುತ್ತೋಲೆ ಲಿಂಕ್ ತೆರೆಯಲಿಲ್ಲ. ಅದನ್ನು ಚಾಟ್‌ಬಾಟ್ ಕೊಟ್ಟಿರಲಿಲ್ಲ, ನಾನೇ ಎರಡು ವರ್ಷದ ಹಿಂದೆ ಉಳಿಸಿಕೊಂಡಿದ್ದೆ. ತಾಣ ಬದಲಾಗಿ ಹಳೆಯದು ಹೋಗಿತ್ತು.

ಬೀದರ್, ಕಾಲೇಜು ಗ್ರಂಥಪಾಲಕಿ: ಅದು ಬೇರೆ ಅಣ್ಣಾ, ಆದರೆ ನೆನಪಿಸಿದ್ದು ಒಳ್ಳೆಯದಾಯಿತು. ಸತ್ತ ಲಿಂಕೆಲ್ಲ ಹುಟ್ಟಿಸಿದ್ದಲ್ಲ. `web.archive.org`ನಲ್ಲಿ ಹಾಕಿ ನೋಡಿ. ಹಳೆಯ ಪ್ರತಿ ಸಿಕ್ಕರೆ ಪುಟ ಒಮ್ಮೆ ಇತ್ತು ಅಂತ ಅರ್ಥ. ಸಿಗದಿದ್ದರೆ ಅನುಮಾನ ಮಾತ್ರ, ತೀರ್ಪಲ್ಲ.

ಕಲಬುರಗಿ, ವಕೀಲ: ‘ಇದು ನಿಜಾನಾ?’ ಅಂತ ಚಾಟ್‌ಬಾಟನ್ನೇ ಕೇಳಬೇಡಿ ತಂಗಿ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಕೊಟ್ಟ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿದ್ದರು. ಅದನ್ನೇ ಕೇಳಿದಾಗ ‘ನಿಜ’ ಅಂದಿತ್ತು. 5,000 ಡಾಲರ್ ದಂಡ ಬಿತ್ತು.

ಕಲಬುರಗಿ, ಎಂ.ಎ. ವಿದ್ಯಾರ್ಥಿನಿ: ಪರಿವಿಡಿ ನೋಡಿದೆ. 5 ಹುಟ್ಟಿಸಿದ್ದೇ. ಆರನೆಯದು ಹಳೇ ಕನ್ನಡ ಸಂಚಿಕೆಯ ಲೇಖನ, ವೆಬ್‌ನಲ್ಲಿ ಏನೂ ಇಲ್ಲ. ಇದನ್ನು ಹೇಗೆ ತಿಳಿಯೋದು?

ಬೀದರ್, ಕಾಲೇಜು ಗ್ರಂಥಪಾಲಕಿ: ಹಳೇ ಕನ್ನಡ ಪತ್ರಿಕೆಗಳು ಎಷ್ಟೋ ವೆಬ್‌ಗೆ ಬಂದೇ ಇಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಆ ವರ್ಷದ ಬೈಂಡ್ ಕೇಳಿ. ಕಣ್ಣಿಗೆ ಬೀಳುವ ತನಕ ಪ್ರಬಂಧದಲ್ಲಿ ಹಾಕಬೇಡಿ.