ಮಬ್ಬು ಫೋಟೋದಲ್ಲಿ ಹಣತೆ: ಬೆಳಕು ಮುಖದ ಮೇಲೆ ಬೀಳಿಸುವುದು ಹೇಗೆ?

ಕೇಳಿದವರು, ದಾವಣಗೆರೆ: ಕಾರ್ತಿಕದಲ್ಲಿ ನಮ್ಮನೆ ಜಗಲಿಯಲ್ಲಿ ತೆಗೆದ ಫೋಟೋ. ಅಜ್ಜಿ, ಮೊಮ್ಮಗಳು ಎದುರುಬದುರು ಕೂತಿದ್ದಾರೆ. ನಡುವೆ ಬೇರೆ ಫೋಟೋದ ಹಣತೆ ತಂದಿಟ್ಟೆ, ಅಂಟಿಸಿದ ಹಾಗೇ ಕಾಣುತ್ತದೆ. ಫೋಟೋಶಾಪ್ ಇದೆ. ಏನು ಮಾಡಲಿ?

ಮದುವೆ ಆಲ್ಬಂ ಮಾಡುವವರು: ಹೊಸ ಲೇಯರ್‌ನಲ್ಲಿ ಮುಖದ ಮೇಲೆ ಕಿತ್ತಳೆ ಬಣ್ಣ ಬಳಿದು Screen ಮಾಡಿ. ಎರಡು ನಿಮಿಷದ ಕೆಲಸ.

ಸ್ಟುಡಿಯೋದವರು, ಚಿತ್ರದುರ್ಗ: ದೀಪದ ಕುಡಿಗೆ Screen ಸರಿ. ಕಪ್ಪು ಹಿನ್ನೆಲೆ ತಾನೇ ಮಾಯವಾಗುತ್ತದೆ. ಆದರೆ ಮುಖಕ್ಕೂ ಅದನ್ನೇ ಮಾಡಿದರೆ ಕೂದಲು, ಹುಬ್ಬು ಎಲ್ಲದರ ಮೇಲೂ ಕಿತ್ತಳೆ ಮಂಜು ಕವಿಯುತ್ತದೆ. ನಿಜವಾದ ಬೆಳಕಿಗೆ ಬಿಳಿ ಸೆರಗು ಜಾಸ್ತಿ ಬೆಳಗುತ್ತದೆ, ಕಪ್ಪು ಕೂದಲು ಹೆಚ್ಚುಕಡಿಮೆ ಕಪ್ಪಾಗೇ ಉಳಿಯುತ್ತದೆ.

ಅದಕ್ಕೆ Curves ಲೇಯರ್ ಹಾಕಿ. ಗೆರೆಯ ಕೆಳತುದಿ ಮುಟ್ಟಬೇಡಿ, ಮೇಲಿನ ತುದಿಯನ್ನು ಎಡಕ್ಕೆ ಎಳೆಯಿರಿ. Red ಅನ್ನು ಇನ್ನಷ್ಟು ಎಳೆಯಿರಿ. Blue ಮೇಲಿನ ತುದಿಯನ್ನು ಮಾತ್ರ ಸ್ವಲ್ಪ ಕೆಳಗಿಳಿಸಿ. ಆಮೇಲೆ ಮಾಸ್ಕ್ ಮೇಲೆ Ctrl+I ಒತ್ತಿದರೆ ಎಲ್ಲ ಮರೆಯಾಗುತ್ತದೆ. ಬೇಕಾದ ಕಡೆ ಮಾತ್ರ ಮೆತ್ತನೆ ಬಿಳಿ ಬ್ರಷ್‌ನಿಂದ, Flow 10% ಇಟ್ಟು, ನಿಧಾನಕ್ಕೆ ತೆರೆಯುತ್ತಾ ಹೋಗಿ.

ಎಲ್ಲಿ ತೆರೆಯಬೇಕು? ದೀಪ ನೆಲದ ಮೇಲಿದೆ, ಬೆಳಕು ಕೆಳಗಿನಿಂದ ಬರುತ್ತದೆ. ಗದ್ದದ ಅಡಿ, ಮೂಗಿನ ಅಡಿ, ದೀಪದ ಕಡೆಗಿರುವ ಕೆನ್ನೆ. ಹಣೆಗೆ ತೀರಾ ಕಡಿಮೆ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಕೈಗಳು ಮುಖಕ್ಕಿಂತ ಬೆಳಗಿರಬೇಕು, ಹಿಂದಿನ ಗೋಡೆ ಸುಮ್ನೆ ಬಿಡಿ. ಗದ್ದದ ಅಡಿ ಬಣ್ಣಬಣ್ಣದ ಚುಕ್ಕೆ ಏಳತೊಡಗಿದರೆ ಅಲ್ಲಿಗೆ ನಿಲ್ಲಿಸಿ. ಕತ್ತಲಲ್ಲಿ ತೆಗೆದ ಫೋಟೋದಲ್ಲಿ ಅದಕ್ಕಿಂತ ಹೆಚ್ಚು ಸಿಗುವುದಿಲ್ಲ.

ಹೊಸ ಕ್ಯಾಮೆರಾದವರು: ಇಷ್ಟೆಲ್ಲ ಯಾಕೆ? ದೀಪ ಹಚ್ಚಿ ಇನ್ನೊಂದು ಫೋಟೋ ತೆಗೆಯಿರಿ. ನಾನು ದೀಪಾವಳಿಗೆ ಟ್ರೈಪಾಡ್ ಇಟ್ಟು ತೆಗೆದೆ, ಚೆನ್ನಾಗಿ ಬಂತು.

ಕೇಳಿದವರು: ಅಜ್ಜಿ ಈಗ ಹುಬ್ಬಳ್ಳಿಯಲ್ಲಿ, ಅತ್ತೆ ಮನೆಯಲ್ಲಿದ್ದಾರೆ. ಜಗಲಿ ಮಾತ್ರ ಇಲ್ಲೇ ಇದೆ!

ಸ್ಟುಡಿಯೋದವರು: ಜಗಲಿ ಇದ್ದರೆ ಅರ್ಧ ಕೆಲಸ ಆಯ್ತು. ರಾತ್ರಿ ಲೈಟ್ ಆರಿಸಿ, ಅದೇ ಜಾಗದಲ್ಲಿ ಹಣತೆ ಹಚ್ಚಿ, ಹಳೆ ಫೋಟೋದ ಎತ್ತರ, ಕೋನದಿಂದಲೇ ತೆಗೆಯಿರಿ. ಅದನ್ನು Screen ಮಾಡಿ ಮೇಲಿಟ್ಟರೆ ನೆಲದ ಮೇಲಿನ ಬೆಳಕೂ ಜೊತೆಗೇ ಬರುತ್ತದೆ. ದೀಪದ ಬುಡದಲ್ಲಿ ಕತ್ತಲು ಅಂತಾರಲ್ವಾ, ಅದು ಬರುವುದಿಲ್ಲ, ಯಾಕೆಂದರೆ Screen ಏನನ್ನೂ ಕಪ್ಪು ಮಾಡುವುದಿಲ್ಲ. ಆ ನೆರಳನ್ನೂ ಹಣತೆಯ ಮಣ್ಣಿನ ಮೈಯನ್ನೂ ಬೇರೆ ಲೇಯರ್‌ನಲ್ಲಿ ಕೊಡಬೇಕು.

ಕೇಳಿದವರು: ನೆಲ ರೆಡ್ ಆಕ್ಸೈಡ್, ಹೊಳೆಯುತ್ತದೆ.

ಸ್ಟುಡಿಯೋದವರು: ಹಾಗಿದ್ದರೆ ಕುಡಿಯ ಪ್ರತಿಬಿಂಬವೂ ತಾನೇ ಬರುತ್ತದೆ, ಅಳಿಸಬೇಡಿ.

ಮದುವೆ ಆಲ್ಬಂ ಮಾಡುವವರು: ಅಜ್ಜಿಯ ಕನ್ನಡಕದಲ್ಲಿ ಟ್ಯೂಬ್‌ಲೈಟ್ ಕಾಣುತ್ತಿದ್ದರೆ ಅಳಿಸಿ, ಅಲ್ಲಿ ದೀಪದ ಚುಕ್ಕೆ ಇಡಿ.

ಸ್ಟುಡಿಯೋದವರು: ನಾನಾದರೆ ಟ್ಯೂಬ್‌ಲೈಟ್ ಬಿಡುತ್ತೇನೆ. ಅಜ್ಜಿಯ ತಲೆ ಮೇಲೆ ಅದರ ಬೆಳಕು ಇನ್ನೂ ಇದೆಯಲ್ಲ.

ಮದುವೆ ಆಲ್ಬಂ ಮಾಡುವವರು: ಮನೆಯವರು ಅದನ್ನೆಲ್ಲ ನೋಡುವುದಿಲ್ಲ ಬಿಡಿ.